ಮಂಡ್ಯದ ಸಂಜೆ 6 ಗಂಟೆ, ನ್ಯೂಯಾರ್ಕಿನಲ್ಲಿ ಎಷ್ಟು? ಹಲವು ದೇಶಗಳ ವೀಕ್ಷಕರಿಗೆ ವೆಬಿನಾರ್ ಸಮಯ ತಿಳಿಸುವ ಸಮಗ್ರ ಮಾರ್ಗದರ್ಶಿ

ಕಳೆದ ವರ್ಷ ರಾಜ್ಯೋತ್ಸವದ ಮರುದಿನ, ಅಂದರೆ 2025ರ ನವೆಂಬರ್ 2ರ ಭಾನುವಾರ, ನಾವು ಮಂಡ್ಯದ ಹತ್ತಿರದ ಒಂದು ಆಲೆಮನೆಯಿಂದ ನೇರ ವೆಬಿನಾರ್ ಮಾಡಿದ್ದೆವು. ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಬೆಲ್ಲ ಹೇಗೆ ಆಗುತ್ತೆ ಅಂತ ತೋರಿಸಬೇಕು ಅನ್ನೋದು ಆಸೆ. ಸಂಜೆ ಆರೂವರೆಗೆ ಶುರು. ಏಳೂಕಾಲಿಗೆ ಪಾಕ ಹದಕ್ಕೆ ಬಂತು, ಅಚ್ಚಿಗೆ ಸುರಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಏಳೂವರೆಗೆ ನ್ಯೂಜೆರ್ಸಿಯಿಂದ ಒಬ್ಬ ತಾಯಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಳಗೆ ಬಂದರು. "ಅಣ್ಣಾ, ಬೆಲ್ಲ ಆಗಲೇ ಅಚ್ಚಿಗೆ ಹೋಯ್ತಾ? ನೀವು 9 ಗಂಟೆ ಅಂತ ತಾನೇ ಹಾಕಿದ್ರಿ?" ಅಂದರು. ಹೌದು, ನಾವು ಹಾಗೇ ಹಾಕಿದ್ದೆವು. ಅವರು ಸರಿಯಾಗಿ 9ಕ್ಕೇ ಬಂದಿದ್ದರು. ತಪ್ಪು ನಮ್ಮದು.

ಆ ರಾತ್ರಿ ಕೂತು ಯಾರು ಯಾವಾಗ ಬಂದರು ಅಂತ ಪಟ್ಟಿ ನೋಡಿದೆ. ಅಮೆರಿಕ ಮತ್ತು ಲಂಡನ್ನಿನವರು ಒಂದು ಗಂಟೆ ತಡ. ಸಿಡ್ನಿಯವರು ಒಂದು ಗಂಟೆ ಮುಂಚೆ ಬಂದು ಕಾದಿದ್ದರು. ದುಬೈ, ಸಿಂಗಾಪುರದವರು ಮಾತ್ರ ಸರಿಯಾದ ಸಮಯಕ್ಕೆ ಬಂದಿದ್ದರು. ಇದನ್ನು ನೋಡಿದ ಕೂಡಲೇ ಕಾರಣ ಗೊತ್ತಾಯಿತು. ಬೇಸಿಗೆ, ಚಳಿಗಾಲಕ್ಕೆ ತಕ್ಕ ಹಾಗೆ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸುವ ದೇಶಗಳಲ್ಲಿ ಮಾತ್ರ ತಪ್ಪಾಗಿದೆ, ತಿರುಗಿಸದ ದೇಶಗಳಲ್ಲಿ ಆಗಿಲ್ಲ. ನಾವು ಪ್ರಕಟಣೆ ಬರೆದದ್ದು ಸೆಪ್ಟೆಂಬರ್‌ನಲ್ಲಿ. ಮೊಬೈಲಿನ ವಿಶ್ವ ಗಡಿಯಾರ ತೆರೆದು, ಅಂದಿನ ವ್ಯತ್ಯಾಸ ನೋಡಿಕೊಂಡು, ಅದನ್ನೇ ನವೆಂಬರ್‌ಗೂ ಹಾಕಿಬಿಟ್ಟಿದ್ದೆವು.

ನಿಮ್ಮ ವೆಬಿನಾರ್‌ನಲ್ಲಿ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಈ ಬಾರಿಯ ನಮ್ಮ ಕಾರ್ಯಕ್ರಮವನ್ನೇ ತೆಗೆದುಕೊಳ್ಳುತ್ತೇನೆ: 2026ರ ನವೆಂಬರ್ 1, ಭಾನುವಾರ, ಕನ್ನಡ ರಾಜ್ಯೋತ್ಸವದ ದಿನವೇ. ಇದಕ್ಕಿಂತ ತೊಡಕಿನ ದಿನ ಸಿಗುವುದು ಕಷ್ಟ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೆಜ್ಜೆ 1: ಒಂದೇ ಒಂದು ಮೂಲ ಸಮಯ ಇಟ್ಟುಕೊಳ್ಳಿ

ಕಾರ್ಯಕ್ರಮಕ್ಕೆ ಒಂದು ಮೂಲ ಸಮಯ ಇರಬೇಕು. ಬೇರೆ ಎಲ್ಲ ಊರಿನ ಸಮಯವನ್ನೂ ಅದರಿಂದಲೇ ಲೆಕ್ಕ ಹಾಕಬೇಕು. ನಮ್ಮದು ಮಂಡ್ಯದ ಸಮಯ. ಅದನ್ನು ಬರೆಯುವಾಗ ನಾಲ್ಕು ಸಂಗತಿ ಇರಲಿ: ವಾರ, ತಾರೀಖು, ಗಂಟೆ, ಊರು.

ಬರೀ "6:30 ಐಎಸ್‌ಟಿ" ಅಂತ ಹಾಕಿದರೆ ಸಾಲದು. ಐಎಸ್‌ಟಿ ಅಂದರೆ ನಮಗೆ ಭಾರತದ ಸಮಯ. ಆದರೆ ಐರ್ಲೆಂಡಿನವರು ಬೇಸಿಗೆಯಲ್ಲಿ ತಮ್ಮ ಸಮಯವನ್ನೂ ಐಎಸ್‌ಟಿ ಅಂತಲೇ ಕರೆಯುತ್ತಾರೆ. ಇಸ್ರೇಲಿನದ್ದೂ ಅದೇ ಮೂರಕ್ಷರ. ಬಿಎಸ್‌ಟಿ ಅಂದರೆ ಬ್ರಿಟನ್ನಿನ ಬೇಸಿಗೆ ಸಮಯವೂ ಹೌದು, ಬಾಂಗ್ಲಾದೇಶದ ಸಮಯವೂ ಹೌದು. ಸಿಎಸ್‌ಟಿ ಅಂದರೆ ಷಿಕಾಗೋ ಕಡೆಯ ಸಮಯ, ಚೀನಾದ ಸಮಯವೂ ಅದೇ. ಅದಕ್ಕೇ ಮೂರಕ್ಷರದ ಹೆಸರು ಬಿಟ್ಟು ಊರಿನ ಹೆಸರು ಬರೆಯಿರಿ. "ಮಂಡ್ಯ, ಭಾರತ" ಅಂದರೆ ಯಾರಿಗೂ ಎರಡನೇ ಅರ್ಥ ಹೊಳೆಯುವುದಿಲ್ಲ.

ಅಮೆರಿಕದ ಇಎಸ್‌ಟಿ ಬಗ್ಗೆ ಇನ್ನೂ ಎಚ್ಚರ ಬೇಕು. ನ್ಯೂಯಾರ್ಕಿನ ಚಳಿಗಾಲದ ಸಮಯಕ್ಕೆ ಇಎಸ್‌ಟಿ ಅಂತಾರೆ, ಬೇಸಿಗೆಯದ್ದಕ್ಕೆ ಇಡಿಟಿ. ಎರಡರ ಮಧ್ಯೆ ಒಂದು ಗಂಟೆ ವ್ಯತ್ಯಾಸ. ಆದರೆ ಬಹಳ ಜನ ವರ್ಷವಿಡೀ ಇಎಸ್‌ಟಿ ಅಂತಲೇ ಬರೆಯುತ್ತಾರೆ. ಓದುವವರಲ್ಲಿ ಕೆಲವರು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ, ಕೆಲವರು ತೆಗೆದುಕೊಳ್ಳುವುದಿಲ್ಲ. "ನ್ಯೂಯಾರ್ಕ್" ಅಂತ ಬರೆದರೆ ಈ ಗೊಂದಲವೇ ಇಲ್ಲ.

ತಾರೀಖನ್ನು ಅಂಕಿಯಲ್ಲಿ ಮಾತ್ರ ಬರೆಯಬೇಡಿ. 1/11/2026 ಅಂದರೆ ನಮಗೆ ನವೆಂಬರ್ 1. ಅಮೆರಿಕದಲ್ಲಿ ತಿಂಗಳನ್ನು ಮೊದಲು ಓದುತ್ತಾರೆ, ಅಲ್ಲಿ ಅದು ಜನವರಿ 11. "2026 ನವೆಂಬರ್ 1, ಭಾನುವಾರ" ಅಂತ ತಿಂಗಳ ಹೆಸರನ್ನೇ ಬರೆಯಿರಿ. ವಾರದ ಹೆಸರು ಜೊತೆಗಿದ್ದರೆ ಅದೇ ಒಂದು ಪರೀಕ್ಷೆ ಇದ್ದ ಹಾಗೆ. ತಾರೀಖು ಬರೆಯುವಾಗ ಕೈತಪ್ಪಿದ್ದರೆ ವಾರ ಹೊಂದುವುದಿಲ್ಲ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೆಜ್ಜೆ 2: ವೀಕ್ಷಕರ ದೇಶ ಬೇಡ, ಊರು ಕೇಳಿ

ನೋಂದಣಿ ಫಾರಂನಲ್ಲಿ "ಯಾವ ದೇಶ?" ಅಂತ ಕೇಳಿದರೆ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಅಮೆರಿಕ ಅಂದರೆ ನ್ಯೂಯಾರ್ಕ್ ಇರಬಹುದು, ಅಲ್ಲಿಂದ ಮೂರು ಗಂಟೆ ಹಿಂದಿರುವ ಲಾಸ್ ಏಂಜಲೀಸ್ ಕೂಡ ಇರಬಹುದು. ಆಸ್ಟ್ರೇಲಿಯಾದಲ್ಲಿ ಇನ್ನೂ ಸೂಕ್ಷ್ಮ. ಸಿಡ್ನಿ ಮತ್ತು ಬ್ರಿಸ್ಬೇನ್ ಎರಡೂ ಪೂರ್ವದ ಕರಾವಳಿಯ ಊರುಗಳೇ. ಆದರೆ ಸಿಡ್ನಿಯಲ್ಲಿ ಬೇಸಿಗೆಗೆ ಗಡಿಯಾರ ಮುಂದಕ್ಕೆ ತಿರುಗಿಸುತ್ತಾರೆ, ಬ್ರಿಸ್ಬೇನಿನಲ್ಲಿ ತಿರುಗಿಸುವುದಿಲ್ಲ. ನವೆಂಬರ್‌ನಲ್ಲಿ ಎರಡೂ ಊರಿಗೆ ಒಂದು ಗಂಟೆ ವ್ಯತ್ಯಾಸ ಇರುತ್ತೆ.

ಊರುಗಳು ಬಂದ ಮೇಲೆ ಅವನ್ನು ಗುಂಪು ಮಾಡಿ. ನೋಂದಾಯಿಸಿದ ಎಲ್ಲ ಊರನ್ನೂ ಪ್ರಕಟಣೆಯಲ್ಲಿ ಹಾಕಬೇಕಾಗಿಲ್ಲ. ಒಂದೇ ಸಮಯ ಇರುವ ಊರುಗಳಿಗೆ ಒಂದು ಸಾಲು ಸಾಕು. ನಮಗೆ ಎಂಟು ಸಾಲು ಬಂತು. ಹತ್ತಕ್ಕಿಂತ ಜಾಸ್ತಿ ಆದರೆ ಜನ ತಮ್ಮ ಸಾಲು ಹುಡುಕುವಾಗ ಪಕ್ಕದ ಸಾಲು ಓದಿಬಿಡುತ್ತಾರೆ.

ಹೆಜ್ಜೆ 3: ಆ ದಿನದ ಹತ್ತಿರ ಯಾರು ಗಡಿಯಾರ ತಿರುಗಿಸುತ್ತಾರೆ ನೋಡಿ

ಭಾರತದಲ್ಲಿ ಈ ಪದ್ಧತಿ ಇಲ್ಲ. ದುಬೈ, ಸಿಂಗಾಪುರ, ಜಪಾನ್‌ನಲ್ಲೂ ಇಲ್ಲ. ಅದಕ್ಕೇ ನಮಗೆ ಇದು ತಲೆಗೆ ಬರುವುದೇ ಇಲ್ಲ. ಆದರೆ ಅಮೆರಿಕದ ಬಹುಪಾಲು, ಯುರೋಪು, ಆಗ್ನೇಯ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಗುತ್ತೆ. ಎಲ್ಲರೂ ಒಂದೇ ದಿನ ಮಾಡುವುದೂ ಇಲ್ಲ.

ಈಗಿನ ನಿಯಮದ ಪ್ರಕಾರ 2026ರ ಕೊನೆಯ ತಿಂಗಳುಗಳು ಹೀಗಿವೆ. ಸೆಪ್ಟೆಂಬರ್ 27ಕ್ಕೆ ನ್ಯೂಜಿಲೆಂಡ್ ಒಂದು ಗಂಟೆ ಮುಂದಕ್ಕೆ. ಅಕ್ಟೋಬರ್ 4ಕ್ಕೆ ಸಿಡ್ನಿ, ಮೆಲ್ಬರ್ನ್ ಮುಂದಕ್ಕೆ. ಅಕ್ಟೋಬರ್ 25ಕ್ಕೆ ಬ್ರಿಟನ್ ಮತ್ತು ಯುರೋಪು ಹಿಂದಕ್ಕೆ. ನವೆಂಬರ್ 1ಕ್ಕೆ ಅಮೆರಿಕ ಹಿಂದಕ್ಕೆ. ಅಮೆರಿಕದ ನಿಯಮ ನವೆಂಬರ್‌ನ ಮೊದಲ ಭಾನುವಾರ, ಈ ಬಾರಿ ನಮ್ಮ ರಾಜ್ಯೋತ್ಸವವೇ ಮೊದಲ ಭಾನುವಾರ. ದಸರಾ, ರಾಜ್ಯೋತ್ಸವ, ದೀಪಾವಳಿ ಅಂತ ನಾವು ಹೆಚ್ಚು ಕಾರ್ಯಕ್ರಮ ಇಟ್ಟುಕೊಳ್ಳುವ ಕಾಲದಲ್ಲೇ ಇಷ್ಟೆಲ್ಲ ಬದಲಾಗುತ್ತೆ. ಮಾರ್ಚ್‌ನಲ್ಲೂ ಹೀಗೇ ಒಂದು ಅವಧಿ ಇದೆ. 2027ರಲ್ಲಿ ಅಮೆರಿಕ ಮಾರ್ಚ್ 14ಕ್ಕೆ, ಬ್ರಿಟನ್ ಮಾರ್ಚ್ 28ಕ್ಕೆ ಮುಂದಕ್ಕೆ ಹೋಗುತ್ತವೆ.

ಬದಲಾವಣೆಯ ದಿನವೇ ಕಾರ್ಯಕ್ರಮ ಇದ್ದರೆ, ಬದಲಾಗುವ ಗಂಟೆಯನ್ನೂ ನೋಡಬೇಕು. ಅಮೆರಿಕದಲ್ಲಿ ಆಯಾ ಊರಿನ ಗಡಿಯಾರ ಬೆಳಗಿನ ಜಾವ 2 ಗಂಟೆ ತೋರಿಸಿದಾಗ ಅದನ್ನು 1 ಗಂಟೆಗೆ ತರುತ್ತಾರೆ. ನ್ಯೂಯಾರ್ಕಿನಲ್ಲಿ ಅದು ಆಗುವಾಗ ಮಂಡ್ಯದಲ್ಲಿ ನವೆಂಬರ್ 1ರ ಬೆಳಿಗ್ಗೆ 11:30. ಲಾಸ್ ಏಂಜಲೀಸಿನಲ್ಲಿ ಆಗುವಾಗ ಇಲ್ಲಿ ಮಧ್ಯಾಹ್ನ 2:30. ನಮ್ಮ ಕಾರ್ಯಕ್ರಮ ಸಂಜೆ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಎಲ್ಲ ಕಡೆ ಬದಲಾಗಿರುತ್ತೆ. ಅಂದರೆ ಚಳಿಗಾಲದ ಲೆಕ್ಕ ಹಿಡಿಯಬೇಕು. ಅದೇ ದಿನ ಬೆಳಿಗ್ಗೆ 9ಕ್ಕೆ ಇಟ್ಟಿದ್ದರೆ ಅಲ್ಲಿನ್ನೂ ಬೇಸಿಗೆಯ ಲೆಕ್ಕವೇ ನಡೆಯುತ್ತಿರುತ್ತಿತ್ತು.

ಹೆಜ್ಜೆ 4: ಯುಟಿಸಿಗೆ ಇಳಿಸಿ, ಅಲ್ಲಿಂದ ಹತ್ತಿಸಿ

ಊರಿಂದ ಊರಿಗೆ ನೇರ ಲೆಕ್ಕ ಹಾಕಲು ಹೋದರೆ ಅರ್ಧ ಗಂಟೆಗಳು ಕೈಕೊಡುತ್ತವೆ. ಯುಟಿಸಿ ಅನ್ನೋದು ಜಗತ್ತಿನ ಎಲ್ಲ ಗಡಿಯಾರಗಳಿಗೆ ಆಧಾರವಾದ ಸಮಯ. ಅದಕ್ಕೆ ಬೇಸಿಗೆ, ಚಳಿಗಾಲ ಅಂತ ಇಲ್ಲ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಮೊದಲು ನಮ್ಮ ಸಮಯದಿಂದ ಐದೂವರೆ ಕಳೆಯಿರಿ. ಆಮೇಲೆ ಪ್ರತಿ ಊರಿಗೆ ಆ ದಿನ ಎಷ್ಟಿದೆಯೋ ಅಷ್ಟು ಕೂಡಿಸಿ ಅಥವಾ ಕಳೆಯಿರಿ.

ಕಳೆದ ವರ್ಷದ ಹಾಗೇ ಸಂಜೆ 6:30 ಅಂತ ಮೊದಲು ಇಟ್ಟುಕೊಂಡೆವು. ಐದೂವರೆ ಕಳೆದರೆ ಯುಟಿಸಿ 13:00. ಲಂಡನ್ ನವೆಂಬರ್‌ನಲ್ಲಿ ಯುಟಿಸಿಯ ಜೊತೆಗೇ ಇರುತ್ತೆ, ಹಾಗಾಗಿ ಮಧ್ಯಾಹ್ನ 1:00. ನ್ಯೂಯಾರ್ಕ್ ಐದು ಗಂಟೆ ಹಿಂದೆ, ಬೆಳಿಗ್ಗೆ 8:00. ಸಿಂಗಾಪುರ ಎಂಟು ಗಂಟೆ ಮುಂದೆ, ರಾತ್ರಿ 9:00. ಸಿಡ್ನಿ ಹನ್ನೊಂದು ಗಂಟೆ ಮುಂದೆ. 13ಕ್ಕೆ 11 ಕೂಡಿಸಿದರೆ 24. ಅಂದರೆ ಸರಿಯಾಗಿ ನಡುರಾತ್ರಿ 12.

ಇಲ್ಲಿ ನಾವು ನಿಂತೆವು. ನಡುರಾತ್ರಿ 12 ಅನ್ನೋದು ಪ್ರಕಟಣೆಗೆ ತೀರಾ ಕೆಟ್ಟ ಸಮಯ. ಅದು ಭಾನುವಾರದ್ದಾ, ಸೋಮವಾರದ್ದಾ? ಕ್ಯಾಲೆಂಡರ್ ಪ್ರಕಾರ ಸೋಮವಾರ, ನವೆಂಬರ್ 2. ಆದರೆ ನಾವು ಮಾತಾಡುವಾಗ "ಭಾನುವಾರ ರಾತ್ರಿ 12" ಅಂತೀವಿ. ರಾತ್ರಿ 1 ಗಂಟೆಯನ್ನೂ ಹಿಂದಿನ ದಿನಕ್ಕೇ ಸೇರಿಸಿ ಹೇಳುವುದು ನಮ್ಮ ರೂಢಿ. ಮಲಗುವವರೆಗೂ ಅದೇ ದಿನ. ಹಾಗಾಗಿ "ಸೋಮವಾರ ರಾತ್ರಿ 12" ಅಂತ ಬರೆದರೆ ಸಿಡ್ನಿಯ ಕನ್ನಡಿಗರು ಒಂದು ದಿನ ತಡವಾಗಿ ಬರುತ್ತಾರೆ. "12 ಎಎಂ" ಅಂತ ಬರೆದರೆ ಕೆಲವರು ಮಧ್ಯಾಹ್ನ ಅಂದುಕೊಳ್ಳುತ್ತಾರೆ.

ಅರ್ಧ ಗಂಟೆ ಹಿಂದಕ್ಕೆ ತಂದರೆ ಹೇಗೆ ಅಂತ ಆಲೆಮನೆಯ ಯಜಮಾನರನ್ನು ಕೇಳಿದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಲು ಇಟ್ಟ ಮೇಲೆ ಪಾಕ ಬರಲು ಎರಡರಿಂದ ಮೂರು ಗಂಟೆ ಬೇಕು. ಒಲೆಗೆ ಉರಿ ಹಾಕುವುದನ್ನು ಬೇಕಾದರೆ ಅರ್ಧ ಗಂಟೆ ಮುಂಚೆ ಶುರು ಮಾಡಬಹುದು, ಆದರೆ ಒಮ್ಮೆ ಹಾಕಿದ ಮೇಲೆ ಪಾಕ ಯಾರಿಗೂ ಕಾಯಲ್ಲ ಅಂದರು ಅವರು. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುತ್ತಾರೆ. ಹದ ಬಂತು ಅಂದ ಮೇಲೆ ಇಳಿಸಲೇಬೇಕು. ತಡವಾಗಿ ಬಂದವರಿಗೆ ಮತ್ತೆ ತೋರಿಸುವ ಮಾತೇ ಇಲ್ಲ. ನವೆಂಬರ್ ಮೊದಲ ವಾರ ಇಲ್ಲಿ ಆರು ಗಂಟೆಗೆ ಸ್ವಲ್ಪ ಮುಂಚೆ ಸೂರ್ಯ ಮುಳುಗುತ್ತಾನೆ. 6:00ಕ್ಕೆ ಶುರು ಮಾಡಿದರೆ ಒಲೆಯ ಉರಿಯ ಜೊತೆ ಸ್ವಲ್ಪ ಬೆಳಕೂ ಸಿಗುತ್ತೆ.

ಹಾಗಾಗಿ ಸಂಜೆ 6:00 ಅಂತ ಗಟ್ಟಿ ಮಾಡಿದೆವು. ಯುಟಿಸಿ 12:30. ಸಿಡ್ನಿಗೆ ಭಾನುವಾರ ರಾತ್ರಿ 11:30. ತಡವೇನೋ ಹೌದು, ಆದರೆ ದಿನದ ಬಗ್ಗೆ ಅನುಮಾನ ಇಲ್ಲ. ನಮ್ಮ ಪಟ್ಟಿಯ ಎಲ್ಲ ಊರಿಗೂ ನವೆಂಬರ್ 1, ಭಾನುವಾರವೇ ಬಂತು. ಸಮಯ ಆರಿಸುವ ಸ್ವಾತಂತ್ರ್ಯ ಇದ್ದರೆ ನಾನು ಮೊದಲು ನೋಡುವುದು ಇದನ್ನೇ: ಯಾರಿಗೂ ನಡುರಾತ್ರಿಯ ಅಂಚಿಗೆ ಬರಬಾರದು.

ಹೆಜ್ಜೆ 5: ಲೆಕ್ಕವನ್ನು ಬೇರೆ ದಾರಿಯಿಂದ ಪರೀಕ್ಷಿಸಿ

ಮೊಬೈಲಿನ ವಿಶ್ವ ಗಡಿಯಾರ ಇದಕ್ಕೆ ಬೇಡ. ಅದು ತೋರಿಸುವುದು ಈ ಕ್ಷಣದ ವ್ಯತ್ಯಾಸ. ನಿಮಗೆ ಬೇಕಾದ್ದು ಆ ದಿನದ್ದು. ತಾರೀಖು ಕೇಳುವ ಸಾಧನವನ್ನೇ ಬಳಸಿ. timeanddate.com ತಾಣದಲ್ಲಿ Event Time Announcer ಅಂತ ಒಂದು ಪುಟ ಇದೆ. ಊರು, ತಾರೀಖು, ಗಂಟೆ ಕೊಟ್ಟರೆ ಲೋಕದ ಊರುಗಳ ಸಮಯ ತೋರಿಸುತ್ತೆ, ಹಂಚಲು ಒಂದು ಲಿಂಕ್ ಕೂಡ ಕೊಡುತ್ತೆ. ಅಲ್ಲಿ ಮಂಡ್ಯ ಸಿಗದಿದ್ದರೆ ಬೆಂಗಳೂರು ಹಾಕಿ. ಇಡೀ ಭಾರತಕ್ಕೆ ಒಂದೇ ಸಮಯ.

ತಂಡದಲ್ಲಿ ಯಾರಾದರೂ ಲಿನಕ್ಸ್ ಬಳಸುವವರಿದ್ದರೆ ಇದು ಇನ್ನೂ ಬೇಗ:

```
TZ=America/New_York date -d "2026-11-01 18:00 +0530"
TZ=Australia/Sydney date -d "2026-11-01 18:00 +0530"
```

ಮೊದಲನೆಯದು ಬೆಳಿಗ್ಗೆ 7:30 ಅಂತ, ಎರಡನೆಯದು ರಾತ್ರಿ 11:30 ಅಂತ ಕೊಡಬೇಕು. ಕೈಲೆಕ್ಕಕ್ಕೂ ಇದಕ್ಕೂ ಸರಿಯಾಗಿ ಒಂದು ಗಂಟೆ ವ್ಯತ್ಯಾಸ ಬಂದರೆ, ಗಡಿಯಾರ ಬದಲಾವಣೆಯನ್ನು ಮರೆತಿದ್ದೀರಿ ಅಂತ ಅರ್ಥ. ಅರ್ಧ ಗಂಟೆ ವ್ಯತ್ಯಾಸ ಬಂದರೆ ನಮ್ಮ ಐದೂವರೆಯಲ್ಲಿ ಆ ಅರ್ಧ ಬಿಟ್ಟುಹೋಗಿದೆ. ಸರಿಯಾಗಿ 12 ಗಂಟೆ ಬಂದರೆ ಎಎಂ, ಪಿಎಂ ಅದಲು ಬದಲಾಗಿದೆ. ವ್ಯತ್ಯಾಸ ಎಷ್ಟು ಅನ್ನೋದೇ ತಪ್ಪು ಎಲ್ಲಿದೆ ಅಂತ ಹೇಳುತ್ತೆ.

ಹೆಜ್ಜೆ 6: ಪ್ರಕಟಣೆ ಬರೆಯಿರಿ

ನಾವು ಬರೆದದ್ದನ್ನು ಹಾಗೇ ಕೊಡುತ್ತೇನೆ. ಬೇಕಾದವರು ಊರು, ಸಮಯ ಬದಲಿಸಿಕೊಂಡು ಬಳಸಬಹುದು.

> ಆಲೆಮನೆಯಿಂದ ನೇರ: ಬೆಲ್ಲ ಆಗುವುದನ್ನು ನೋಡೋಣ ಬನ್ನಿ
>
> 2026 ನವೆಂಬರ್ 1, ಭಾನುವಾರ
> ಮಂಡ್ಯ, ಭಾರತ: ಸಂಜೆ 6:00ರಿಂದ 7:15 (ಯುಟಿಸಿ 12:30)
>
> ನಿಮ್ಮ ಊರಿನಲ್ಲಿ ಶುರುವಾಗುವ ಸಮಯ, ಎಲ್ಲವೂ ಭಾನುವಾರ, ನವೆಂಬರ್ 1:
> ಲಾಸ್ ಏಂಜಲೀಸ್: ಬೆಳಗಿನ ಜಾವ 4:30
> ಷಿಕಾಗೋ: ಬೆಳಿಗ್ಗೆ 6:30
> ನ್ಯೂಯಾರ್ಕ್, ನ್ಯೂಜೆರ್ಸಿ: ಬೆಳಿಗ್ಗೆ 7:30
> ಲಂಡನ್: ಮಧ್ಯಾಹ್ನ 12:30
> ದುಬೈ: ಸಂಜೆ 4:30
> ಸಿಂಗಾಪುರ: ರಾತ್ರಿ 8:30
> ಬ್ರಿಸ್ಬೇನ್: ರಾತ್ರಿ 10:30
> ಸಿಡ್ನಿ, ಮೆಲ್ಬರ್ನ್: ರಾತ್ರಿ 11:30
>
> ಅಮೆರಿಕದವರು ಗಮನಿಸಿ: ಅದೇ ದಿನ ಬೆಳಗಿನ ಜಾವ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮೇಲಿನದು ಹಿಂದಕ್ಕೆ ಹೋದ ಮೇಲಿನ ಸಮಯ.
>
> ಲಿಂಕ್ 15 ನಿಮಿಷ ಮುಂಚೆ ತೆರೆಯುತ್ತದೆ. ಪಾಕ ಅಚ್ಚಿಗೆ ಸುರಿಯುವುದು ಶುರುವಾದ ಸುಮಾರು 40 ನಿಮಿಷಕ್ಕೆ.

ಇದರಲ್ಲಿ ಕೆಲವನ್ನು ಬೇಕೆಂದೇ ಹೀಗೆ ಮಾಡಿದ್ದೇವೆ. ಊರುಗಳನ್ನು ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಜೋಡಿಸಿದ್ದೇವೆ. ಆಗ ಸಮಯ ಮೇಲಿಂದ ಕೆಳಕ್ಕೆ ಏರುತ್ತಾ ಹೋಗುತ್ತೆ. ನಡುವೆ ಒಂದು ಸಾಲು ಇಳಿದರೆ ಅಲ್ಲೇನೋ ತಪ್ಪಿದೆ ಅಂತ ಕಣ್ಣಿಗೇ ಕಾಣುತ್ತೆ. ಎಎಂ, ಪಿಎಂ ಬದಲು ಜಾವ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಹಾಕಿದ್ದೇವೆ. ನಮ್ಮ ಭಾಷೆಗೆ ಈ ಅನುಕೂಲ ಇದೆ, ಬಳಸಿಕೊಳ್ಳಬೇಕು. ಲಂಡನ್ನಿನ 12:30 ನೋಡಿ. "12:30 ಪಿಎಂ" ಅಂದರೆ ಒಂದು ಕ್ಷಣ ಯೋಚಿಸಬೇಕಾಗುತ್ತೆ, "ಮಧ್ಯಾಹ್ನ 12:30" ಅಂದರೆ ಬೇಕಾಗಿಲ್ಲ. "ಬೆಳಿಗ್ಗೆ 4:30" ಅಂತ ಬರೆಯುವ ಬದಲು "ಬೆಳಗಿನ ಜಾವ" ಅಂದದ್ದೂ ಅದಕ್ಕೇ. ಅಂಕಿಗಳನ್ನು 0ರಿಂದ 9ರ ರೂಪದಲ್ಲೇ ಇಟ್ಟಿದ್ದೇವೆ. ಹೊರಗೆ ಬೆಳೆದ ಮಕ್ಕಳಲ್ಲಿ ಕನ್ನಡ ಅಕ್ಷರ ಬಂದರೂ ಕನ್ನಡ ಅಂಕಿ ಬಾರದವರು ಬಹಳ ಇದ್ದಾರೆ.

ಮುಖ್ಯವಾದದ್ದು ಎಷ್ಟು ಹೊತ್ತಿಗೆ ನಡೆಯುತ್ತೆ ಅಂತ ಹೇಳುವುದನ್ನೂ ಮರೆಯಬೇಡಿ. ಬೆಳಗಿನ ಜಾವ 4:30ಕ್ಕೆ ಏಳಲು ಆಗದ ಲಾಸ್ ಏಂಜಲೀಸಿನವರು 5:05ಕ್ಕೆ ಎದ್ದರೂ ಪಾಕ ಸುರಿಯುವುದನ್ನು ನೋಡಬಹುದು.

ದಿನವೇ ಬದಲಾಗುವಾಗ

ಲಾಸ್ ಏಂಜಲೀಸಿನವರಿಗೆ ಆ ಸಮಯ ಕಷ್ಟವೇ. ಅವರಿಗಾಗಿ ಮುಂದಿನ ವಾರ ಪ್ರಶ್ನೋತ್ತರಕ್ಕೆ ಬೇರೆ ಹೊತ್ತು ಇಟ್ಟಿದ್ದೇವೆ: ನವೆಂಬರ್ 8, ಭಾನುವಾರ, ಮಂಡ್ಯದಲ್ಲಿ ಬೆಳಿಗ್ಗೆ 8:30. ಯುಟಿಸಿ ಬೆಳಗಿನ ಜಾವ 3:00. ಅದರಿಂದ ಎಂಟು ಗಂಟೆ ಕಳೆದರೆ ಹಿಂದಿನ ದಿನಕ್ಕೆ ಹೋಗುತ್ತೆ. ಲಾಸ್ ಏಂಜಲೀಸಿನಲ್ಲಿ ಶನಿವಾರ ಸಂಜೆ 7:00, ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ 10:00. ಸಿಡ್ನಿಯಲ್ಲಾದರೆ ಭಾನುವಾರ ಮಧ್ಯಾಹ್ನ 2:00.

ಇಂಥ ಕಡೆ "ಎಲ್ಲವೂ ಭಾನುವಾರ" ಅಂತ ಮೇಲೊಂದು ಸಾಲು ಹಾಕಲು ಆಗಲ್ಲ. ಪ್ರತಿ ಸಾಲಿನಲ್ಲೂ ವಾರ, ತಾರೀಖು ಬರಲೇಬೇಕು. ವಾರವನ್ನು ಗಂಟೆಗಿಂತ ಮೊದಲು ಬರೆಯಿರಿ: "ಲಾಸ್ ಏಂಜಲೀಸ್: ಶನಿವಾರ, ನವೆಂಬರ್ 7, ಸಂಜೆ 7:00". ಗಂಟೆ ಕಂಡ ಕೂಡಲೇ ಜನ ಓದುವುದನ್ನು ನಿಲ್ಲಿಸುತ್ತಾರೆ. ಅದರ ಆಮೇಲೆ ಬರೆದ ವಾರ ಕಣ್ಣಿಗೆ ಬೀಳುವುದಿಲ್ಲ. ನಾವು "ಹಿಂದಿನ ದಿನ" ಅಂತ ಬರೆಯುವುದನ್ನೂ ಬಿಟ್ಟಿದ್ದೇವೆ. ಯಾರ ಹಿಂದಿನ ದಿನ ಅಂತ ಮತ್ತೆ ಲೆಕ್ಕ ಹಾಕಬೇಕಾಗುತ್ತೆ.

ಹೆಜ್ಜೆ 7: ಕ್ಯಾಲೆಂಡರ್ ಫೈಲು ಕೊಡಿ, ಆದರೆ ತೆರೆದು ನೋಡಿ ಕೊಡಿ

ಓದಿ ನೆನಪಿಡುವುದಕ್ಕಿಂತ ಒತ್ತಿ ಕ್ಯಾಲೆಂಡರಿಗೆ ಸೇರಿಸುವುದು ಸುಲಭ. ವೆಬಿನಾರ್ ತಂತ್ರಾಂಶದಲ್ಲಿ ಸಮಯ ಹಾಕುವಾಗ ಅದರ ಸಮಯ ವಲಯ ಕೋಲ್ಕತ್ತಾ ಅಂತ ಇದೆಯಾ ನೋಡಿ. ಭಾರತದ ಸಮಯಕ್ಕೆ ಕಂಪ್ಯೂಟರ್‌ನಲ್ಲಿ ಇರುವ ಹೆಸರೇ `Asia/Kolkata`. ನಮ್ಮ ತಂಡದಲ್ಲಿ ಒಬ್ಬರು ಸಿಂಗಾಪುರದಿಂದ ಬಂದವರು, ಅವರ ಲ್ಯಾಪ್‌ಟಾಪ್ ಇನ್ನೂ ಸಿಂಗಾಪುರದ ಸಮಯದಲ್ಲೇ ಇತ್ತು. ಅದರಲ್ಲಿ ಹಾಕಿದ 6:00 ಸಿಂಗಾಪುರದ 6:00 ಆಗಿಬಿಡುತ್ತಿತ್ತು. ಪುಣ್ಯಕ್ಕೆ ಮೊದಲೇ ಕಂಡಿತು.

ಫೈಲನ್ನು ನೀವೇ ಮಾಡುವುದಾದರೆ ಶುರು ಮತ್ತು ಕೊನೆ ಹೀಗಿರಲಿ:

```
DTSTART:20261101T123000Z
DTEND:20261101T134500Z
```

ಕೊನೆಯ `Z` ಅಂದರೆ ಇದು ಯುಟಿಸಿ ಅಂತ. ಅದೊಂದು ಅಕ್ಷರ ಬಿಟ್ಟರೆ, ಯಾವ ವಲಯವೂ ಹೇಳದಿದ್ದರೆ, ಫೈಲು ತೆರೆದವರ ಊರಿನ ಸಮಯ ಅಂತಲೇ ಆಗುತ್ತೆ. ಲಂಡನ್ನಿಗೂ 12:30, ಸಿಡ್ನಿಗೂ 12:30. ಇದನ್ನು ಪತ್ತೆ ಮಾಡುವುದು ಸುಲಭ. ನಿಮ್ಮ ಮೊಬೈಲಿನ ಸಮಯ ವಲಯವನ್ನು ನ್ಯೂಯಾರ್ಕಿಗೆ ಬದಲಿಸಿ, ಕ್ಯಾಲೆಂಡರ್ ತೆರೆಯಿರಿ. 7:30 ಕಂಡರೆ ಸರಿ. ಬದಲಿಸಿದರೂ ಗಂಟೆ ಅಲುಗಾಡದಿದ್ದರೆ ಫೈಲು ತಪ್ಪು. ನೋಡಿದ ಮೇಲೆ ವಲಯವನ್ನು ವಾಪಸ್ ತರುವುದನ್ನು ಮರೆಯಬೇಡಿ.

ಪೋಸ್ಟರ್ ಬಗ್ಗೆ ಒಂದೇ ಮಾತು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವನ್ನು ಮಾತ್ರ ಮುಂದೆ ಕಳಿಸುತ್ತಾರೆ, ಕೆಳಗಿನ ಬರಹ ಹಿಂದೆಯೇ ಉಳಿಯುತ್ತೆ. ಹಾಗಾಗಿ ವಾರ, ತಾರೀಖು, ಮಂಡ್ಯದ ಸಮಯ ಮತ್ತು ಯುಟಿಸಿ ಚಿತ್ರದ ಮೇಲೂ ಇರಲಿ. ಊರುಗಳ ಪಟ್ಟಿ ಬರಹದಲ್ಲಿ ಇರಲಿ, ಚಿತ್ರದಲ್ಲಿ ತುಂಬಿದರೆ ಅಕ್ಷರ ಸಣ್ಣದಾಗುತ್ತೆ.

ಹೆಜ್ಜೆ 8: ನೆನಪೋಲೆಯಲ್ಲಿ "ನಾಳೆ" ಬೇಡ

ಹಿಂದಿನ ದಿನ ಒಂದು ಸಂದೇಶ ಕಳಿಸುತ್ತೇವೆ. ಕೈ ತಾನಾಗಿಯೇ "ನಾಳೆ ಇದೇ ಹೊತ್ತಿಗೆ ಸಿಗೋಣ" ಅಂತ ಬರೆದುಬಿಡುತ್ತೆ. ಈ ಬಾರಿ ಅದು ಅಮೆರಿಕದವರ ಪಾಲಿಗೆ ಸುಳ್ಳಾಗುತ್ತೆ. ಅಕ್ಟೋಬರ್ 31ರ ಸಂಜೆ 6:00ಕ್ಕೆ ನಾವು ಸಂದೇಶ ಕಳಿಸಿದರೆ ನ್ಯೂಯಾರ್ಕಿನ ಗಡಿಯಾರದಲ್ಲಿ ಆಗ ಬೆಳಿಗ್ಗೆ 8:30. ಸರಿಯಾಗಿ 24 ಗಂಟೆ ಕಳೆದ ಮೇಲೆ ಅದೇ ಗಡಿಯಾರ 7:30 ತೋರಿಸುತ್ತೆ. "ಇದೇ ಹೊತ್ತು" ಅಂತ ನಂಬಿ 8:30ಕ್ಕೆ ಬಂದವರಿಗೆ ಕಾಣುವುದು ಅಚ್ಚಿನಲ್ಲಿ ತಣ್ಣಗಾಗುತ್ತಿರುವ ಬೆಲ್ಲ.

"ಇನ್ನು 24 ಗಂಟೆ ಇದೆ" ಅನ್ನೋದು ಎಲ್ಲ ಊರಿಗೂ ನಿಜ. ಅದರ ಕೆಳಗೆ ಊರುಗಳ ಪಟ್ಟಿಯನ್ನು ಮತ್ತೆ ಅಂಟಿಸಿ. ಹಳೆಯ ಸಂದೇಶ ಹುಡುಕಿ ಅಂತ ಹೇಳಬೇಡಿ. ಕೊನೆಯ ಸಂದೇಶ ಒಂದು ಗಂಟೆ ಮುಂಚೆ: "ಇನ್ನು 60 ನಿಮಿಷ. ಲಿಂಕ್ ಇಲ್ಲಿದೆ." ಇದರಲ್ಲಿ ಗಂಟೆಯ ಲೆಕ್ಕವೇ ಬೇಕಾಗಿಲ್ಲ, ಅದಕ್ಕೇ ಇದು ಬಹಳ ಜನರನ್ನು ಉಳಿಸುತ್ತೆ.

ಹೆಜ್ಜೆ 9: ಕಳಿಸುವ ಮುಂಚೆ ಒಬ್ಬೊಬ್ಬರಿಗೆ ಓದಲು ಕೊಡಿ

ಪಟ್ಟಿಯ ಪ್ರತಿ ಊರಿನಿಂದ ಒಬ್ಬ ಪರಿಚಯದವರಿಗೆ ಪ್ರಕಟಣೆಯನ್ನೂ ಕ್ಯಾಲೆಂಡರ್ ಫೈಲನ್ನೂ ಕಳಿಸಿ. "ಸರಿ ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಸರಿ ಇದೆ ಅಂತಲೇ ಅಂತಾರೆ. "ನಿಮ್ಮ ಕ್ಯಾಲೆಂಡರ್‌ನಲ್ಲಿ ಯಾವ ವಾರ, ಎಷ್ಟು ಗಂಟೆಗೆ ಬಿತ್ತು?" ಅಂತ ಕೇಳಿ. ಅವರು ತಮ್ಮ ಕ್ಯಾಲೆಂಡರ್ ನೋಡಿ ಬರೆದದ್ದು ನಿಮ್ಮ ಪಟ್ಟಿಗೆ ಹೊಂದಿದರೆ ಆ ಸಾಲು ಮುಗಿಯಿತು.

ಕಳಿಸಿದ ಮೇಲೆ ತಪ್ಪು ಕಂಡರೆ ಸುಮ್ನೆ ಹಳೆಯದರ ಕೆಳಗೆ ತಿದ್ದುಪಡಿ ಸೇರಿಸಬೇಡಿ. ಹಳೆಯದನ್ನು ಅಳಿಸಿ, ಮೇಲೆ "ತಿದ್ದಿದ ಪ್ರಕಟಣೆ" ಅಂತ ಹಾಕಿ ಪೂರ್ತಿ ಹೊಸದಾಗಿ ಕಳಿಸಿ. ಯಾವ ಊರಿನ ಸಾಲು ಬದಲಾಗಿದೆ ಅಂತ ಹೇಳಿ, ಮಂಡ್ಯದ ಸಮಯ ಬದಲಾಗಿಲ್ಲ ಅಂತಲೂ ಹೇಳಿ. ಇಲ್ಲದಿದ್ದರೆ ಸರಿಯಾದ ಸಮಯ ಗುರುತು ಹಾಕಿಕೊಂಡವರೂ ಬದಲಿಸಿಕೊಳ್ಳುತ್ತಾರೆ. ಗಡಿಯಾರದ ನಿಯಮವನ್ನು ಸರ್ಕಾರಗಳು ಆಗಾಗ ಬದಲಿಸುವುದೂ ಉಂಟು. ಹಾಗಾಗಿ ಒಂದು ವಾರ ಮುಂಚೆ ಹೆಜ್ಜೆ 5ನ್ನು ಇನ್ನೊಮ್ಮೆ ಮಾಡಿ.

ಈ ಬಾರಿ ನಾನು ಮೊದಲು ಕಳಿಸಿದ್ದು ನ್ಯೂಜೆರ್ಸಿಯ ಆ ತಾಯಿಗೇ. ಅವರ ಉತ್ತರ ಬಂತು: "ಭಾನುವಾರ, ನವೆಂಬರ್ 1, ಬೆಳಿಗ್ಗೆ ಏಳೂವರೆ. ಮಕ್ಕಳನ್ನ ಏಳಕ್ಕೇ ಎಬ್ಬಿಸ್ತೀನಿ ಅಣ್ಣಾ."